ತಕ್ಷಣ ಸ್ವಾಧೀನ, ಮೆಟ್ಟಿಲು ಆಮೇಲೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಸುಮ್ನೆ ಒಂದು ರೌಂಡ್ ಹೊಡೆದು ಬನ್ನಿ. ಇನ್ನೂ ಪ್ಲಾಸ್ಟರಿಂಗ್ ಕಾಣದ ಕಟ್ಟಡದ ಮೇಲೆ ಫ್ಲೆಕ್ಸ್ ಇರುತ್ತೆ: 'ಮಳಿಗೆ ಬಾಡಿಗೆಗಿದೆ, ತಕ್ಷಣ ಸ್ವಾಧೀನ'. ಮೆಟ್ಟಿಲಿರಲ್ಲ, ಕರೆಂಟಿರಲ್ಲ. ಆದರೆ ಆ 'ತಕ್ಷಣ' ಮಾತ್ರ ಕೆಂಪಕ್ಷರದಲ್ಲಿ ಮಿನುಗುತ್ತಿರುತ್ತೆ.

ನನ್ನ ಭಾವಮೈದ ಅಂಥದ್ದೇ ಒಂದು ಮಳಿಗೆ ಹಿಡಿದ. ಬೇಕರಿ ಹಾಕೋದಕ್ಕೆ. ಬೆಂಗಳೂರಿನ ಬೀದಿ ಬೀದಿಗೂ ಅಯ್ಯಂಗಾರ್ ಬೇಕರಿ ಕಳಿಸಿಕೊಟ್ಟ ಜಿಲ್ಲೆ ನಮ್ಮದು, ಊರಲ್ಲೇ ಒಂದು ಬೇಕರಿ ಹಾಕೋದಕ್ಕೆ ಇಷ್ಟು ಕಷ್ಟ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು. ಬಾಡಿಗೆ ತಿಂಗಳಿಗೆ 40,000, ಅಡ್ವಾನ್ಸ್ 4 ಲಕ್ಷ, 5 ವರ್ಷದ ಕರಾರು. ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು, ಮಾಡಿಸಿದರು. ಅದರಲ್ಲಿ ಕರಾರು ಶುರು ಜೂನ್ 1, ಬಾಡಿಗೆ ಶುರು ಆಗಸ್ಟ್ 1. ಮಧ್ಯದ ಎರಡು ತಿಂಗಳು ಒಳಗಿನ ಕೆಲಸಕ್ಕೆ ಬಾಡಿಗೆ ಮಾಫಿ. "ನೋಡಿ ಸ್ವಾಮಿ, ಎರಡು ತಿಂಗಳು ಫ್ರೀ ಬಿಟ್ಟಿದೀನಿ" ಅಂದರು ಮಾಲೀಕರು. ಎಂಥ ಉದಾರಿ ಅಂದುಕೊಂಡು ನಾವೆಲ್ಲ ಕಾಫಿ ಕುಡಿದು ಎದ್ದು ಬಂದೆವು.

ಬೀಗದ ಕೈ ಕೊಡೋದು ಯಾವಾಗ? 'ಕಟ್ಟಡದ ಕೆಲಸ ಮುಗಿದ ಮೇಲೆ' ಅಂತ ಬರೆದಿತ್ತು. ತಾರೀಖಿಲ್ಲ.

ಜೂನ್ ಹೋಯಿತು, ಮಳೆ. ಜುಲೈ ಹೋಯಿತು, ಮತ್ತೂ ಮಳೆ. ಮಳಿಗೆಯೊಳಗೆ ಸೆಂಟ್ರಿಂಗ್ ಕಂಬಗಳು ಅಡಿಕೆ ತೋಟದ ಹಾಗೆ ಸಾಲಾಗಿ ನಿಂತಿದ್ದವು, ಅವುಗಳ ಮಧ್ಯೆ ಓವನ್ ಇಡೋದೆಲ್ಲಿ? ಕಂಬ ತೆಗೆದು, ಮೂರು ಫೇಸ್ ಕರೆಂಟ್ ಬಂದು, ಮಳಿಗೆ ಕೈಗೆ ಸಿಕ್ಕಿದ್ದು ಆಗಸ್ಟ್ 20ಕ್ಕೆ. ಟೈಲ್ಸು, ಓವನ್ನು, ಗಾಜಿನ ಶೋಕೇಸು ಅಂತ ಎರಡು ತಿಂಗಳು ಹಿಡಿದು ಅಕ್ಟೋಬರ್ 20ಕ್ಕೆ ಬಾಗಿಲು ತೆರೆದ. ಅಷ್ಟರಲ್ಲಿ ಒಂದು ಬನ್ನೂ ಮಾರದೆ ಒಂದು ಲಕ್ಷದ ಮೇಲೆ ಬಾಡಿಗೆ ಆಗಿತ್ತು. ಫ್ರೀ ಕೊಟ್ಟ ಎರಡು ತಿಂಗಳು? ಅವನ್ನು ಅನುಭವಿಸಿದ್ದು ಸೆಂಟ್ರಿಂಗ್ ಕಂಬಗಳು.

ನಮ್ಮ ಹಾಸನಾಂಬೆಯ ಗುಡಿಯೂ ವರ್ಷಕ್ಕೊಮ್ಮೆಯೇ ತೆರೆಯೋದು ನಿಜ. ಆದರೆ ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಅಂತ ಲೆಕ್ಕ ಇದೆ, ತಾಯಿ ದಿನ ತಪ್ಪಿಸಲ್ಲ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷವೂ ಉರಿಯುತ್ತಿರುತ್ತೆ ಅನ್ನೋದು ನಂಬಿಕೆ. ನಮ್ಮ ಮಾಲೀಕರೂ ಆ ಪವಾಡ ಕಲಿತಿದ್ದಾರೆ: ಶಟರ್ ಮುಚ್ಚಿದೆ, ಒಳಗೆ ಬಾಡಿಗೆ ಉರಿಯುತ್ತಿದೆ.

ಮಾಲೀಕರು ಬಾಡಿಗೆ ಕೇಳೋದಕ್ಕೆ ಬಂದಾಗ ಭಾವಮೈದ ಜಗಳಕ್ಕೆ ನಿಂತ. "ಜುಲೈ 28ಕ್ಕೇ ಕೀ ಕೊಟ್ಟಿದ್ದೆನಲ್ರೀ" ಅಂದರು. ಅದು ಶೋಕೇಸಿಗೆ ಅಳತೆ ತಗೊಳ್ಳೋದಕ್ಕೆ ಕೊಟ್ಟ ಕೀ! ಅರ್ಧ ಗಂಟೆಯಲ್ಲಿ ವಾಪಸ್ ಕೊಟ್ಟಿದ್ದ. ಆದರೂ ಸ್ವಾಧೀನ ಆಯಿತಂತೆ. ಮಳಿಗೆ ಒಪ್ಪಿಸಿದ ದಿನ ಇಬ್ಬರೂ ಸಹಿ ಹಾಕಿದ ಒಂದು ಚೀಟಿ, ಮೀಟರ್ ರೀಡಿಂಗು, ಒಳಗಿನ ನಾಲ್ಕು ಫೋಟೊ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಕಾನೂನು ಏನನ್ನುತ್ತೆ ಅಂತ ವಕೀಲರನ್ನು ಕೇಳಿದೆವು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಲ್ಲಿ ಬಾಡಿಗೆದಾರ ಕೇಳಿದರೆ ಮಾಲೀಕ ಸ್ವಾಧೀನ ಕೊಡಬೇಕು ಅಂತಿದೆಯಂತೆ. ಖುಷಿಯಾಯಿತು. ಆದರೆ ಅದೇ ಸೆಕ್ಷನ್ ಶುರುವಾಗೋದೇ 'ಬೇರೆ ಕರಾರು ಇಲ್ಲದಿದ್ದರೆ' ಅನ್ನೋ ಅರ್ಥದಲ್ಲಿ. ನಮ್ಮ ಹತ್ತಿರ ಕರಾರಿದೆಯಲ್ಲ, ನಾವೇ ಸಹಿ ಹಾಕಿದ್ದು.

ಕರಾರನ್ನು ಮತ್ತೊಮ್ಮೆ ಓದಿದಾಗ ನನಗೆ ನಿಜಕ್ಕೂ ಮೈ ಉರಿಯಿತು. ವರ್ಷಕ್ಕೆ ಶೇಕಡಾ 5 ಬಾಡಿಗೆ ಏರಿಕೆ ಜೂನ್ 1ರ ಲೆಕ್ಕ. 5 ವರ್ಷ ಮುಗಿಯೋದೂ ಜೂನ್ 1ರ ಲೆಕ್ಕ, ಅಂದರೆ ವ್ಯಾಪಾರಕ್ಕೆ ಸಿಗೋದು 4 ವರ್ಷ 7 ತಿಂಗಳು ಚಿಲ್ಲರೆ. ಆದರೆ ಬಿಟ್ಟು ಹೋಗಬಾರದು ಅನ್ನೋ 3 ವರ್ಷದ ಲಾಕ್-ಇನ್ ಮಾತ್ರ ಸ್ವಾಧೀನದ ದಿನದಿಂದ! ಅವರಿಗೆ ಲಾಭ ಬೇಕಾದ ಕಡೆ ಹಳೇ ತಾರೀಖು, ನಮ್ಮನ್ನು ಕಟ್ಟಿಹಾಕೋ ಕಡೆ ಹೊಸ ತಾರೀಖು. ಇದು ಕಣ್ತಪ್ಪಲ್ಲ ಸ್ವಾಮಿ, ಯಾರೋ ಕೂತು ಯೋಚಿಸಿ ಬರೆದದ್ದು. ಸಾಲ ಮಾಡಿ ಅಂಗಡಿ ಇಡೋ ಹುಡುಗನ ಹತ್ತಿರ ಇಷ್ಟು ಜಾಣತನ ಬೇಕಿತ್ತಾ?

'ಕಂಬ ತೆಗೆದು, ಮೂರು ಫೇಸ್ ಕರೆಂಟು, ನೀರು ಸಮೇತ ಖಾಲಿ ಮಳಿಗೆ ಒಪ್ಪಿಸಿದ ಮೇಲೆ 60 ದಿನ ಬಿಟ್ಟು ಬಾಡಿಗೆ ಶುರು; ಏರಿಕೆಯೂ ಅವಧಿಯೂ ಅದೇ ದಿನದಿಂದ; ಸೆಪ್ಟೆಂಬರ್ 1ರೊಳಗೆ ಕೊಡದಿದ್ದರೆ ಕರಾರು ರದ್ದು, ಅಡ್ವಾನ್ಸ್ ವಾಪಸ್.' ಇಷ್ಟು ಬರೆಸಿದ್ದರೆ ಸಾಕಿತ್ತು ಅಂದರು ವಕೀಲರು, ಫೀಸು ತಗೊಂಡ ಮೇಲೆ.

ಮೊನ್ನೆ ಜೂನ್ 1ಕ್ಕೆ ಬೇಕರಿಗೆ ಏಳೂವರೆ ತಿಂಗಳು ಕೂಡ ಆಗಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಮಾಲೀಕರು ಬಂದರು, ಒಂದು ಖಾರಾ ಬನ್ ತಿಂದರು, ಇನ್ನು ಮೇಲೆ 42,000 ಅಂತ ನೆನಪಿಸಿದರು. ಇಳಿದು ಹೋಗುವಾಗ ಗೋಡೆ ಹಿಡಿದುಕೊಂಡೇ ಹೋದರು. ಮೆಟ್ಟಿಲಿಗೆ ರೇಲಿಂಗ್ ಇನ್ನೂ ಬಂದಿಲ್ಲ.