ನಾಲ್ಕು ಎಫ್‌ಡಿ, ಎರಡು ಬ್ರಾಂಚು, ವಿಮೆ ಮಾತ್ರ ಐದೇ ಲಕ್ಷ

ಬ್ಯಾಂಕ್ ಮುಳುಗಿದರೂ ಐದು ಲಕ್ಷ ಸಿಗುತ್ತೆ ಅನ್ನೋದು ಈಗ ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತು. ಆ ಐದು ಲಕ್ಷವನ್ನು ಹೇಗೆ ಎಣಿಸುತ್ತಾರೆ ಅನ್ನೋದು ಮಾತ್ರ ತುಂಬಾ ಜನಕ್ಕೆ ಗೊತ್ತಿಲ್ಲ. ನನ್ನ ಪರಿಚಯದಲ್ಲೇ "ಒಂದೊಂದು ಎಫ್‌ಡಿನೂ ಐದರೊಳಗೇ ಇಟ್ಟಿದ್ದೀನಿ, ಎಲ್ಲಾ ಸೇಫ್" ಅಂತ ಆರಾಮಾಗಿ ಇರೋರಿದ್ದಾರೆ. ಅದು ಸೇಫ್ ಅಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೀತೀನಿ.

ಈ ವಿಮೆ ಕೊಡೋದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ, ಡಿಐಸಿಜಿಸಿ. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತೆ, ನಾವು ಅರ್ಜಿ ಹಾಕಬೇಕಿಲ್ಲ. 1993ರಿಂದ ಒಂದು ಲಕ್ಷವೇ ಇದ್ದ ಮಿತಿ 2020ರ ಫೆಬ್ರವರಿ 4ರಂದು ಐದು ಲಕ್ಷ ಆಯ್ತು. ಇದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಒಟ್ಟು ಐದು ಲಕ್ಷ. ಜಯನಗರ ಬ್ರಾಂಚಿನ ಎಫ್‌ಡಿ, ಮಲ್ಲೇಶ್ವರ ಬ್ರಾಂಚಿನ ಎಫ್‌ಡಿ, ಉಳಿತಾಯ ಖಾತೆ, ಆರ್‌ಡಿ ಎಲ್ಲವನ್ನೂ ಕೂಡಿಸಿ, ಅದಕ್ಕೆ ಅಲ್ಲಿವರೆಗಿನ ಬಡ್ಡಿಯನ್ನೂ ಸೇರಿಸಿ, ಬಂದ ಮೊತ್ತದಲ್ಲಿ ಐದು ಲಕ್ಷದವರೆಗೆ ಮಾತ್ರ. ನಾಮಿನಿ ಬೇರೆ ಬೇರೆ ಹಾಕಿದ್ದೀನಿ ಅಂದ್ರೂ ಲೆಕ್ಕ ಬದಲಾಗಲ್ಲ. ನಾಮಿನಿ ಠೇವಣಿದಾರ ಅಲ್ವಲ್ಲ.

ಒಂದು ಲೆಕ್ಕ ಮಾಡೋಣ. ನಿವೃತ್ತ ಮೇಷ್ಟ್ರು ಒಬ್ಬರು ಅಂದ್ಕೊಳ್ಳಿ. ನಿವೃತ್ತಿಯಲ್ಲಿ ಬಂದಿದ್ದರಲ್ಲಿ 20 ಲಕ್ಷವನ್ನು ಮನೆ ಹತ್ತಿರದ ಸಹಕಾರಿ ಬ್ಯಾಂಕಿನಲ್ಲಿ ಇಟ್ಟರು, ಅಲ್ಲಿ ಶೇ. 8 ಬಡ್ಡಿ ಅಂತ. ಎರಡು ಬ್ರಾಂಚಿನಲ್ಲಿ ಐದೈದು ಲಕ್ಷದ ನಾಲ್ಕು ಎಫ್‌ಡಿ, ಎಲ್ಲಾ ಅವರೊಬ್ಬರದೇ ಹೆಸರಲ್ಲಿ, ನಾಮಿನಿ ಹೆಂಡತಿ. ವಿಮೆ ಇರೋದು ಐದು ಲಕ್ಷಕ್ಕೆ. ಉಳಿದ 15 ಲಕ್ಷ ಮತ್ತು ಬಡ್ಡಿ ಆ ಬ್ಯಾಂಕಿನ ಗಟ್ಟಿತನದ ಮೇಲೆ ನಿಂತಿದೆ ಅಷ್ಟೇ.

ಸರಿ, ಇವರು ಐದು ಲಕ್ಷ ಮಾತ್ರ ಇಟ್ಟಿದ್ದರೆ? ಆಗಲೂ ಪೂರ್ತಿ ಆಗಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುವ ಮೂರು ವರ್ಷದ ಎಫ್‌ಡಿ ಶೇ. 8ರಲ್ಲಿ ಕೊನೆಗೆ ಸುಮಾರು 6.34 ಲಕ್ಷ ಆಗುತ್ತೆ. ಮೇಲಿನ 1.34 ಲಕ್ಷ ವಿಮೆಯಿಂದ ಹೊರಗೆ. ಬಡ್ಡಿ ಸಮೇತ ಒಳಗಿರಬೇಕು ಅಂದ್ರೆ ಶುರುವಿನಲ್ಲಿ 3.9 ಲಕ್ಷ ಇಡಬೇಕು, ಅದು ಮೂರು ವರ್ಷಕ್ಕೆ 4.95 ಲಕ್ಷದ ಹತ್ತಿರ ಬಂದು ನಿಲ್ಲುತ್ತೆ. ಅದೇ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಹಣ ಇದ್ದರೆ ಅದನ್ನೂ ಕಳೆದು ಇನ್ನೂ ಕಮ್ಮಿ ಇಡಬೇಕು. ತಿಂಗಳ ಬಡ್ಡಿ ತಗೊಳ್ಳೋರಿಗೆ ಈ ತೊಂದರೆ ಕಮ್ಮಿ, ಆದ್ರೆ ಆ ಬಡ್ಡಿ ಅಲ್ಲೇ ಉಳಿತಾಯ ಖಾತೆಗೆ ಬಿದ್ದು ಅಲ್ಲೇ ಕೂತರೆ ಮತ್ತೆ ಅದೇ ಕಥೆ. ಬೇರೆ ಬ್ಯಾಂಕಿನ ಖಾತೆಗೆ ದಾಟಿಸುತ್ತಾ ಇರಿ.

ಇನ್ನೊಂದು ದಾರಿ ಇದೆ, ಜಂಟಿ ಖಾತೆ. ಮೇಷ್ಟ್ರು ಒಬ್ಬರೇ ಇಟ್ಟಿದ್ದು ಒಂದು ಲೆಕ್ಕ, ಹೆಂಡತಿ ಒಬ್ಬರೇ ಇಟ್ಟಿದ್ದು ಇನ್ನೊಂದು, ಇಬ್ಬರೂ ಸೇರಿ ಇಟ್ಟಿದ್ದು ಮೂರನೇದು. ಜಂಟಿ ಖಾತೆಯಲ್ಲಿ ಹೆಸರುಗಳ ಕ್ರಮ ಬದಲಾದರೂ, ಅಂದ್ರೆ ಮೊದಲು ಹೆಂಡತಿ ಆಮೇಲೆ ಗಂಡ ಅಂತ ಇದ್ದರೂ, ಅದನ್ನು ನಾಲ್ಕನೇ ಲೆಕ್ಕವಾಗಿ ಎಣಿಸುತ್ತಾರೆ. ಡಿಐಸಿಜಿಸಿ ನಿಯಮದಲ್ಲೇ ಇದೆ. ಒಂದೇ ಹೆಸರುಗಳು ಒಂದೇ ಕ್ರಮದಲ್ಲಿದ್ದರೆ ಮಾತ್ರ ಕೂಡಿಸೋದು. ಹೀಗೆ ಒಂದೇ ಬ್ಯಾಂಕಿನಲ್ಲಿ ದಂಪತಿಗೆ 20 ಲಕ್ಷದವರೆಗೆ ರಕ್ಷಣೆ ಸಿಗುತ್ತೆ. ಸ್ವಂತ ಅಂಗಡಿ ಇರೋರು ಗಮನಿಸಿ, ಒಬ್ಬರೇ ಮಾಲೀಕರಾದ ಅಂಗಡಿಯ ಖಾತೆ ನಿಮ್ಮ ವೈಯಕ್ತಿಕ ಖಾತೆ ಜೊತೆಗೇ ಕೂಡುತ್ತೆ.

ಆದ್ರೆ ಈ ಜಾಣತನ ಮಾಡಿ ಒಂದು ಸಣ್ಣ ಬ್ಯಾಂಕಿನಲ್ಲೇ 20 ಲಕ್ಷ ಇಡಿ ಅಂತ ನಾನು ಖಂಡಿತ ಹೇಳಲ್ಲ. ವಿಮೆ ಇದ್ದರೂ ದುಡ್ಡು ಮಾರನೇ ದಿನ ಬರಲ್ಲ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನೆನಪಿದೆಯಲ್ಲ? 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯೋಕೆ ಬಿಟ್ಟಿದ್ದು. ಪೆನ್ಷನ್ ಹಣವೆಲ್ಲಾ ಅಲ್ಲೇ ಇಟ್ಟಿದ್ದ ಹಿರಿಯರು ಎಷ್ಟೋ ಜನ. ಆಗಿನ ಕಾನೂನಿನಲ್ಲಿ ಲೈಸೆನ್ಸ್ ರದ್ದಾಗಿ ಬ್ಯಾಂಕ್ ಮುಚ್ಚುವವರೆಗೆ ಅಥವಾ ಬೇರೆ ಬ್ಯಾಂಕ್ ಜೊತೆ ವಿಲೀನ ಆಗುವವರೆಗೆ ವಿಮೆ ಹಣವೂ ಬರ್ತಿರಲಿಲ್ಲ. 2021ರ ತಿದ್ದುಪಡಿ ಬಂದ ಮೇಲೆ ನಿರ್ಬಂಧ ಹಾಕಿದ 90 ದಿನದೊಳಗೆ ಕೊಡಬೇಕು ಅಂತಾಯ್ತು. 45 ದಿನದಲ್ಲಿ ಬ್ಯಾಂಕ್ ಪಟ್ಟಿ ಕೊಡಬೇಕು, 30 ದಿನದಲ್ಲಿ ಡಿಐಸಿಜಿಸಿ ಪರಿಶೀಲಿಸಬೇಕು, ಮುಂದಿನ 15 ದಿನದಲ್ಲಿ ಹಣ ಹಾಕಬೇಕು. ವಿಲೀನದ ಮಾತುಕತೆ ನಡೀತಿದ್ದರೆ ಇನ್ನೂ 90 ದಿನ ಮುಂದೂಡೋಕೂ ಅವಕಾಶ ಇದೆ. ಆಗ ನೀವು ಒಪ್ಪಿಗೆ ಪತ್ರ ಕೊಡಬೇಕು, ಹಣ ಹಾಕೋಕೆ ಬೇರೆ ಬ್ಯಾಂಕಿನ ಖಾತೆ ನಂಬರ್ ಕೊಡಬೇಕು, ಕೆವೈಸಿ ಸರಿ ಇರಬೇಕು. ಬೇರೆ ಖಾತೆಯೇ ಇಲ್ಲದವರು ಆ ಹೊತ್ತಲ್ಲಿ ಓಡಾಡಬೇಕಾಗುತ್ತೆ. ಅಲ್ಲೇ ಸಾಲ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ಉಳಿದಿದ್ದು ಕೊಡ್ತಾರೆ.

ಐದು ಲಕ್ಷದ ಮೇಲಿನ ಹಣದ ಗತಿ ಏನು ಅನ್ನೋದಕ್ಕೆ ಮುಂಬೈನ ಪಿಎಂಸಿ ಬ್ಯಾಂಕ್ ನೋಡಿ. 2022ರಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕ್ ಜೊತೆ ಸೇರಿದಾಗ ಐದು ಲಕ್ಷದ ಮೇಲಿದ್ದ ಠೇವಣಿದಾರರ ಉಳಿದ ದುಡ್ಡನ್ನು ಹತ್ತು ವರ್ಷದವರೆಗೆ ಕಂತಿನಲ್ಲಿ ಕೊಡುವ ಯೋಜನೆ ಆಯ್ತು. ಎಪ್ಪತ್ತು ವರ್ಷದವರಿಗೆ ಹತ್ತು ವರ್ಷದ ಕಂತು ಅಂದ್ರೆ ಏನು ಹೇಳೋದು.

ಮೇಷ್ಟ್ರಿಗೆ ನಾನು ಹೇಳೋದಾದ್ರೆ, ಮೊದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅದರಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಅವಕಾಶ ಇದೆ. ಅದು ಸರ್ಕಾರದ ಸಾಲ, ಬ್ಯಾಂಕಿನ ಠೇವಣಿ ಅಲ್ಲ, ಹಾಗಾಗಿ ಐದು ಲಕ್ಷದ ಪ್ರಶ್ನೆಯೇ ಬರಲ್ಲ. 12 ಲಕ್ಷ ಅಲ್ಲಿ. ನಾಲ್ಕು ಲಕ್ಷ ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ, ತುರ್ತಿಗೆ ಕೈಗೆ ಸಿಗುವಂತೆ. ಉಳಿದ ನಾಲ್ಕು ಲಕ್ಷಕ್ಕೆ ಜಾಸ್ತಿ ಬಡ್ಡಿಯ ಆಸೆ ಇದ್ದರೆ ಅದೇ ಸಹಕಾರಿ ಬ್ಯಾಂಕ್, ಆದ್ರೆ 3.9ರ ಲೆಕ್ಕ ನೆನಪಿಟ್ಟುಕೊಂಡು. ಐದಾರು ಬ್ಯಾಂಕ್ ಬೇಡ. ವಯಸ್ಸಾದವರಿಗೆ ಎಲ್ಲಾ ಕಡೆ ಕೆವೈಸಿ, ಪಾಸ್‌ಬುಕ್ಕು, ನಾಮಿನಿ ನೋಡ್ಕೊಳ್ಳೋದು ಕಷ್ಟ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತೆ ಅನ್ನೋದು ಬೇರೆ.

ಹಂಚೋವಾಗ ಹಳೇ ಹೆಸರುಗಳನ್ನೂ ನೋಡಿ. ಸಿಂಡಿಕೇಟ್ ಈಗ ಕೆನರಾ, ವಿಜಯಾ ಈಗ ಬ್ಯಾಂಕ್ ಆಫ್ ಬರೋಡಾ, ಕಾರ್ಪೊರೇಷನ್ ಈಗ ಯೂನಿಯನ್. ಸಿಂಡಿಕೇಟ್‌ನಲ್ಲೊಂದು ಕೆನರಾದಲ್ಲೊಂದು ಇಟ್ಟಿದ್ದವರ ಎರಡೂ ಎಫ್‌ಡಿ ಈಗ ಒಂದೇ ಬ್ಯಾಂಕಿನಲ್ಲಿವೆ.

ಕೊನೆಗೆ, ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರೋದು ಸೊಸೈಟಿಗಳ ಬಗ್ಗೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವುಗಳನ್ನು ಊರಲ್ಲಿ ಎಲ್ಲರೂ ಬ್ಯಾಂಕ್ ಅಂತಲೇ ಕರೀತಾರೆ. ಕೌಂಟರ್ ಇದೆ, ಪಾಸ್‌ಬುಕ್ ಇದೆ, ಪಿಗ್ಮಿ ಏಜೆಂಟ್ ಮನೆಗೆ ಬರ್ತಾನೆ. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇಲ್ಲ, ಹಾಗಾಗಿ ಡಿಐಸಿಜಿಸಿ ವಿಮೆ ಒಂದು ರೂಪಾಯಿಗೂ ಇಲ್ಲ. ಅನುಮಾನ ಇದ್ದರೆ ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಅದರಲ್ಲಿ ಪೂರ್ತಿ ಹೆಸರು ಹುಡುಕಿ. ಆ ಹೆಸರು ಅಲ್ಲಿ ಇಲ್ಲ ಅಂದ್ರೆ ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ "ನಮ್ಮಲ್ಲೂ ಇನ್ಶೂರೆನ್ಸ್ ಇದೆ ಸಾರ್" ಅನ್ನೋ ಮಾತು ನಂಬಬೇಡಿ.