ಕೊಡಗಿನ ಮಳೆಗಾಲಕ್ಕೆ ಬಚ್ಚಲಿನ ಬಾಗಿಲೇ ಪರೀಕ್ಷೆ

ಮುಂಬಾಗಿಲು, ಮಲಗುವ ಕೋಣೆ, ಬಚ್ಚಲು: "ಮೂರೂ ಬಾಗಿಲಿಗೆ ಒಂದೇ ಮಾದರಿಯ ಹ್ಯಾಂಡಲ್ ಲಾಕ್ ಹಾಕಿಸಿದರೆ ಸಾಕು, ನೋಡಲೂ ಚೆಂದ" ಎನ್ನುತ್ತದೆ ಮನೆಯ ಬಾಗಿಲುಗಳ ಲಾಕ್ ಬಗ್ಗೆ ಓದಿದ ಒಂದು ಲೇಖನ.

ಹ್ಯಾಂಡಲ್ ಒಂದೇ ಇರಲಿ, ಒಳಗಿನ ಲಾಕ್ ಬೇರೆ ಇರಲೇಬೇಕು. ಮಲಗುವ ಕೋಣೆಗೆ ಓಡಾಟಕ್ಕಷ್ಟೇ ಆದರೆ ಸ್ಪ್ರಿಂಗ್ ನಾಲಿಗೆಯ ಲಾಚ್ ಧಾರಾಳ. ಮುಂಬಾಗಿಲಿಗೆ ಅದು ಸಾಲದು: ಸಂದಿಯಲ್ಲಿ ಕಾರ್ಡ್ ತೂರಿಸಿದರೆ ಇಳಿಜಾರಿನ ನಾಲಿಗೆ ಹಿಂದೆ ಸರಿಯಬಹುದು. ಅಲ್ಲಿ ಕೀಲಿ ತಿರುಗಿಸಿದಾಗ ಹೊರಬರುವ ಡೆಡ್‌ಬೋಲ್ಟ್ ಇರುವ, ಬಾಗಿಲಿನ ದಪ್ಪದೊಳಗೇ ಕೂರುವ ಮಾರ್ಟೈಸ್ ಲಾಕ್ ಬೇಕು.

ಬಚ್ಚಲಿಗೆ ಬರೀ ಚಿಲಕ ಹಾಕುವುದನ್ನು ಬಿಡಿ. ಮಗು ಒಳಗಿಂದ ಹಾಕಿಕೊಂಡರೆ, ವಯಸ್ಸಾದವರು ಜಾರಿ ಬಿದ್ದರೆ, ಬಾಗಿಲು ಒಡೆಯುವುದೊಂದೇ ದಾರಿ. ಒಳಗೆ ತಿರುಗಿಸುವ ಗುಂಡಿ, ಹೊರಗೆ ನಾಣ್ಯ ಹಾಕಿ ತಿರುಗಿಸುವ ಸೀಳು ಇರುವ ಪ್ರೈವಸಿ ಲಾಕ್ ಕೇಳಿ. ಗುಂಡು ನಾಬ್ ಬೇಡ, ಸೋಪಿನ ಕೈಗೆ ಜಾರುತ್ತದೆ; ಉದ್ದ ಹಿಡಿಯಾದರೆ ಮೊಣಕೈಯಲ್ಲೂ ಒತ್ತಬಹುದು.

ಆ ಲೇಖನ ಬಿಟ್ಟಿರುವ ಮುಖ್ಯ ಸಂಗತಿ ಜೂನ್‌ನಿಂದ ಶುರುವಾಗುತ್ತದೆ. ಮಡಿಕೇರಿ ಕಡೆ ತೇವಕ್ಕೆ ಮರ ಉಬ್ಬಿ, ಬೇಸಿಗೆಯಲ್ಲಿ ಸಲೀಸಾಗಿದ್ದ ಬೋಲ್ಟ್ ಚೌಕಟ್ಟಿನ ತಗಡಿಗೆ ತಾಗಿ ನಿಲ್ಲುತ್ತದೆ. ಜನ ಲಾಕ್ ಕೆಟ್ಟಿದೆ ಎಂದು ಬದಲಾಯಿಸುತ್ತಾರೆ, ಸುಮ್ಮನೆ ದುಡ್ಡು ದಂಡ! ಬಾಗಿಲು ತೆರೆದಿಟ್ಟು ಗುಂಡಿ ತಿರುಗಿಸಿ ನೋಡಿ. ಆಗ ಸಲೀಸಾಗಿ ತಿರುಗಿದರೆ ಲಾಕ್ ಸರಿಯಿದೆ. ಬೋಲ್ಟಿನ ತುದಿಗೆ ಸೀಮೆಸುಣ್ಣ ಸವರಿ, ಬಾಗಿಲು ಮುಚ್ಚಿ ತಿರುಗಿಸಿ. ತಗಡಿನ ಮೇಲೆ ಗುರುತು ಬಿದ್ದ ಅಂಚನ್ನು 1–2 ಮಿ.ಮೀ. ಅರದಿಂದ ಉಜ್ಜಿದರೆ ಸಾಕು. ಹೊಸ ಬಾಗಿಲಾದರೆ ಲಾಕ್ ಕೂರಿಸುವ ಮೊದಲೇ ಕೊರೆದ ತೂತಿನ ಒಳಗೂ ಬಾಗಿಲಿನ ಮೇಲೆ-ಕೆಳಗಿನ ಅಂಚಿಗೂ ಪ್ರೈಮರ್ ಹೊಡೆಸಿ. ಆ ಕೆಳಗಿನ ಅಂಚನ್ನು ಬಣ್ಣದವರು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ.