‘ಸರಿ’ ಅಂತ ಕಳಿಸಿದರೆ ಸಾಕು

ಇವತ್ತು ಬೆಳಿಗ್ಗೆ ಪೈಪಿನ ಬೆಂಡ್ ತರಲು ಬದಿಯಡ್ಕದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಮಾಲೀಕರು ಹಳೆಯ ಪರಿಚಯ. ನಾನು ಬೆಂಡ್ ಕೇಳುವ ಮೊದಲೇ ಅವರು ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ಇದೊಂದು ಓದಿ ಹೇಳಿ ಮಾರಾಯ್ರೇ. ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ ಸೀಲ್ ಹಾಕಿ ಕೊಡಬೇಕಾ?"

ಅವರ ಅಂಗಡಿಗೆ ಸ್ಟಾಕಿನ ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗನ ಮೆಸೇಜು ಅದು. ಹುಡುಗ ನನಗೂ ಗೊತ್ತು, ಒಳ್ಳೆ ಕೆಲಸಗಾರ. ಮೆಸೇಜು ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ಸೇವೆಯ ಬಗ್ಗೆ ವಿವರವಾದ ಟೆಸ್ಟಿಮೋನಿಯಲ್, ಅಂದರೆ ಗ್ರಾಹಕರ ಮೆಚ್ಚುಗೆಯ ಮಾತು, ಬರೆದು ಆದಷ್ಟು ಬೇಗ ಕಳುಹಿಸಬೇಕಾಗಿ ವಿನಂತಿ, ಅಷ್ಟೇ. ಅದು ಬಂದು 19 ದಿನ ಆಗಿದೆ. ಉತ್ತರ ಹೋಗಿಲ್ಲ.

"ಕೆಲಸ ಸರಿ ಆಗಿಲ್ವಾ?" ಅಂತ ಕೇಳಿದೆ. ಅವರು ಹೇಳಿದ್ದು ಇದು: "ಛೆ, ಹಾಗೆಲ್ಲ ಹೇಳಬೇಡಿ. ಪ್ರತಿ ವರ್ಷ ಮಾರ್ಚಿನಲ್ಲಿ ಸ್ಟಾಕ್ ಎಣಿಸಲಿಕ್ಕೆ ಮೂರು ದಿನ ಶಟರ್ ಎಳೀತಿದ್ದೆ. ಈ ಸಲ ಒಂದು ಭಾನುವಾರದಲ್ಲಿ ಮುಗೀತು."

ನನಗೆ ಸಿಟ್ಟು ಬಂದದ್ದು ಅಲ್ಲೇ. ಹುಡುಗನಿಗೆ ಬೇಕಾದ ಮಾತು ಅದೇ. ಆ ಮನುಷ್ಯ ಅದನ್ನು ಚಹಾ ಕುಡಿಯುತ್ತಾ ನಾಲ್ಕು ಜನರಿಗೆ ಹೇಳುತ್ತಿದ್ದಾರೆ. ಆದರೆ ಮೆಸೇಜು ಕೇಳಿದ್ದು ಆ ಮಾತನ್ನಲ್ಲ, ಪ್ರಬಂಧವನ್ನು. ಏನು ಬರೆಯಬೇಕು, ಎಷ್ಟು ಬರೆಯಬೇಕು, ಯಾವ ಭಾಷೆಯಲ್ಲಿ, ಅದು ಎಲ್ಲಿಗೆ ಹೋಗುತ್ತೆ, ಎಲ್ಲವನ್ನೂ ಅವರೇ ಯೋಚಿಸಬೇಕು. ಮನೆಯಲ್ಲಿ ತುಳು, ಕೌಂಟರಿನಲ್ಲಿ ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಅವರಿಗೆ ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ನಾಳೆ ನೋಡೋಣ ಅಂತ ಇಡುತ್ತಾರೆ. ಆ ನಾಳೆ ಬರುವುದಿಲ್ಲ. ಅತ್ತ ಹುಡುಗ ಅವರಿಗೆ ಕೆಲಸ ಇಷ್ಟವಾಗಲಿಲ್ಲ ಅಂದುಕೊಂಡು ಕೂತಿದ್ದಾನೆ.

ವೆಬ್‌ಸೈಟ್ ಮಾಡಿಕೊಡುವ ನಾನೂ ಇದೇ ತಪ್ಪು ಮಾಡಿದವನು, ಇನ್ನೂ ಕೆಟ್ಟದಾಗಿ. ಎರಡು ವರ್ಷದ ಹಿಂದೆ ಒಂದು ಕಡೆ ಕೊನೆಯ ಬಿಲ್ಲಿನ ಜೊತೆಯಲ್ಲೇ ನಾಲ್ಕು ಸಾಲು ಅಭಿಪ್ರಾಯ ಬರೆದುಕೊಡಿ ಅಂತ ಸೇರಿಸಿದ್ದೆ. ಅವರಿಗೆ ಅದು ಲೆಕ್ಕ ಚುಕ್ತಾ ಮಾಡುವ ಹೊತ್ತಿನ ಇನ್ನೊಂದು ಬೇಡಿಕೆಯಾಗಿ ಕಂಡಿತು. ಹಣ ತಡವಾಗಿ ಬಂತು, ಅಭಿಪ್ರಾಯ ಬರಲೇ ಇಲ್ಲ. ಈಗ ಬಿಲ್ಲಿಗೂ ಅದಕ್ಕೂ ಸಂಬಂಧವೇ ಇಡುವುದಿಲ್ಲ. ಕೆಲಸ ಒಪ್ಪಿಸಿದ ದಿನವೂ ಕೇಳುವುದಿಲ್ಲ, ಯಾಕಂದ್ರೆ ಅವತ್ತು ಅವರಿಗೆ ಹೇಳಲಿಕ್ಕೆ ಏನೂ ಇರುವುದಿಲ್ಲ. ಉಪಯೋಗ ಆಯಿತು ಅಂತ ಅವರೇ ಬಾಯಿಬಿಟ್ಟು ಒಂದು ಮಾತು ಹೇಳುತ್ತಾರಲ್ಲ, ಅದಾಗಿ ಒಂದೆರಡು ದಿನದೊಳಗೆ ಕೇಳಬೇಕು. ಆ ಮಾತನ್ನು ಕೇಳಿದ ಕೂಡಲೇ ಬರೆದಿಟ್ಟುಕೊಳ್ಳಬೇಕು.

ನೀರ್ಚಾಲಿನ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಒಬ್ಬ ಅಕ್ಕನಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. 6, 8, 10, 12 ಇಂಚು, ಒಂದೊಂದು ಸೈಜಿಗೂ ಫೋಟೊ, ಊಟದೆಲೆಯ ಪಕ್ಕ ಇಟ್ಟು ತೆಗೆದದ್ದು. ಒಂದು ತಿಂಗಳಾದ ಮೇಲೆ ಬೇರೆ ವಿಷಯಕ್ಕೆ ಫೋನ್ ಮಾಡಿದಾಗ ಅವರು ನಡುವೆ ಒಂದು ಮಾತು ಹೇಳಿದರು. ಮರುದಿನ ನಾನು ಕಳಿಸಿದ ಮೆಸೇಜು ಇಲ್ಲಿದೆ, ಇದ್ದ ಹಾಗೆ:

"ಅಕ್ಕಾ, ನಮಸ್ಕಾರ. ನಿನ್ನೆ ಫೋನಿನಲ್ಲಿ ನೀವು ಹೇಳಿದ್ದು ನನಗೆ ತುಂಬಾ ಖುಷಿಯಾಯಿತು. ಅದನ್ನು ನಿಮ್ಮ ಹೆಸರು, ಊರಿನ ಜೊತೆ ನನ್ನ ವೆಬ್‌ಸೈಟಿನಲ್ಲಿ ಹಾಕಬಹುದಾ? ಹೀಗೆ ಬರೆದಿದ್ದೇನೆ: ‘ಮೊದಲು ಫೋನ್ ಮಾಡಿದವರಿಗೆಲ್ಲ ಸೈಜ್ ವಿವರಿಸಿ ಗಂಟಲು ಒಣಗುತ್ತಿತ್ತು. ಈಗ ನೋಡಿಕೊಂಡೇ ಫೋನ್ ಮಾಡುತ್ತಾರೆ. ಆರ್ಡರ್ ಜಾಸ್ತಿಯಾಗಿದೆ.’ ಸರಿ ಇದ್ದರೆ ‘ಸರಿ’ ಅಂತ ಕಳಿಸಿದರೆ ಸಾಕು. ತಿದ್ದಬೇಕಾದರೆ ತಿದ್ದಿ, ವಾಯ್ಸ್ ಮೆಸೇಜ್ ಆದರೂ ಆಗುತ್ತೆ. ಹೆಸರು ಬೇಡ ಅಂದರೆ ಊರು ಮಾತ್ರ ಹಾಕುತ್ತೇನೆ. ಹಾಕುವುದೇ ಬೇಡ ಅನಿಸಿದರೂ ಹೇಳಿ, ನನಗೆ ಬೇಜಾರಿಲ್ಲ."

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಆರ್ಡರ್ ಜಾಸ್ತಿ ಆದದ್ದು ಮದುವೆ ಸೀಸನ್‌ಗೆ, ಅದು ತೆಗೆಯಿರಿ. ಸೈಜ್ ತಪ್ಪಿ ವಾಪಸ್ ಬರುವುದು ನಿಂತಿತು, ಅದು ಬರೆಯಿರಿ."

ನೋಡಿ, ನಾನು ಊಹಿಸಿ ಸೇರಿಸಿದ ಒಂದೇ ವಾಕ್ಯವನ್ನು ಅವರು ತೆಗೆಸಿದರು. ಬದಲಿಗೆ ಕೊಟ್ಟದ್ದು ಅದಕ್ಕಿಂತ ಹತ್ತು ಪಾಲು ಒಳ್ಳೆಯದು. ಆರ್ಡರ್ ಜಾಸ್ತಿಯಾಯಿತು ಅಂತ ಯಾರು ಬೇಕಾದರೂ ಹೇಳುತ್ತಾರೆ. ಸೈಜ್ ತಪ್ಪಿ ಮಾಲು ವಾಪಸ್ ಬರುವ ಕಷ್ಟ ತಟ್ಟೆ ಮಾರುವವರಿಗೇ ಗೊತ್ತು. ಆಮೇಲೆ ನನಗೆ ಫೋನ್ ಮಾಡಿದ ಇನ್ನೊಬ್ಬ ತಟ್ಟೆಯವರು ಆ ಸಾಲನ್ನೇ ಹಿಡಿದು ಮಾತಾಡಿದರು.

ನಾವೇ ಬರೆದು ಕೊಟ್ಟರೆ ಅದು ಸುಳ್ಳಲ್ವಾ ಅಂತ ಕೆಲವರು ಕೇಳುತ್ತಾರೆ. ಅವರು ಹೇಳದ್ದನ್ನು ಬರೆದರೆ ಸುಳ್ಳು, ಒಪ್ಪಿದೆ. ಅವರು ಹೇಳಿದ್ದನ್ನೇ ಬರೆದು, ತೋರಿಸಿ, ತಿದ್ದಿಸಿಕೊಂಡರೆ ಅದು ಅವರದೇ ಮಾತು. ಜಾಹೀರಾತಿನಲ್ಲಿ ಒಬ್ಬರ ಹೆಸರಿನಲ್ಲಿ ಹಾಕುವ ಮೆಚ್ಚುಗೆ ಅವರ ನಿಜವಾದ ಅಭಿಪ್ರಾಯವೇ ಆಗಿರಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಆದ್ದರಿಂದ ಉತ್ತರ ಬಾರದೆ ಹಾಕಲೇಬಾರದು. ಮೌನವನ್ನು ಒಪ್ಪಿಗೆ ಅಂತ ತಿಳಿಯಬಾರದು. ಒಂದು ವಾರ ಬಿಟ್ಟು ಒಮ್ಮೆ ನೆನಪಿಸುತ್ತೇನೆ, ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡುತ್ತೇನೆ.

ಗೂಗಲ್ ರಿವ್ಯೂ ವಿಷಯ ಬೇರೆ. ಅದನ್ನು ಅವರೇ ಅವರ ಅಕೌಂಟಿನಿಂದ ಬರೆಯಬೇಕು. ಅಲ್ಲಿಗೆ ನಾನು ಲಿಂಕ್ ಮಾತ್ರ ಕಳಿಸುತ್ತೇನೆ, ಬರೆದು ಕೊಡುವುದಿಲ್ಲ. ರಿವ್ಯೂ ಹಾಕಿದರೆ ಡಿಸ್ಕೌಂಟ್ ಅನ್ನುವುದಂತೂ ಗೂಗಲ್ ನಿಯಮಕ್ಕೇ ವಿರುದ್ಧ. ಒಂದೇ ಮೆಸೇಜಿನಲ್ಲಿ ಎರಡನ್ನೂ ಕೇಳಬೇಡಿ, ಎರಡೂ ಸಿಗುವುದಿಲ್ಲ.

ಗ್ರಾಹಕರು ತಾವಾಗಿ ಏನೂ ಹೇಳದಿದ್ದರೆ? ಆಗ ಎರಡೇ ಪ್ರಶ್ನೆ, ಫೋನಿನಲ್ಲಿ. ಇದಕ್ಕೆ ಮೊದಲು ಯಾವುದು ಜಾಸ್ತಿ ಕಷ್ಟ ಆಗ್ತಿತ್ತು? ಈಗ ಅದು ಹೇಗಿದೆ? ನಮ್ಮ ಕೆಲಸ ಹೇಗಿತ್ತು ಅಂತ ಕೇಳಿದರೆ ಚೆನ್ನಾಗಿತ್ತು ಅಂತಾರೆ, ಮಾತು ಮುಗೀತು. ಕಷ್ಟ ಏನಿತ್ತು ಅಂತ ಕೇಳಿದರೆ ಜನ ಹೇಳುತ್ತಾರೆ, ದಿನ, ಗಂಟೆ, ರೂಪಾಯಿ ಲೆಕ್ಕದಲ್ಲಿ ಹೇಳುತ್ತಾರೆ. ಮಲಯಾಳದಲ್ಲಿ ಹೇಳಿದರೆ ಮಲಯಾಳದಲ್ಲೇ ಬರೆದು ತೋರಿಸಿ. ಕನ್ನಡದ ಅರ್ಥ ಕೆಳಗೆ ಹಾಕಿದರಾಯಿತು. ಅವರಿಗೆ ಓದಲಿಕ್ಕೆ ಬಾರದ ಮಾತಿಗೆ ಅವರ ಹೆಸರು ಹಾಕುವುದು ಸರಿಯಲ್ಲ.

ಮಧ್ಯಾಹ್ನ ಹುಡುಗನಿಗೆ ಫೋನ್ ಮಾಡಿ ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ. "ಅಣ್ಣಾ, ಅವರು ನಂಗೆ ಒಮ್ಮೆಯೂ ಹೇಳಿಲ್ಲ" ಅಂದ. ಧ್ವನಿ ಸಣ್ಣಗಾಗಿತ್ತು. ಹಳೆಯ ಮೆಸೇಜಿಗೆ ರಿಮೈಂಡರ್ ಹಾಕಬೇಡ, ಹೊಸದಾಗಿ ಕನ್ನಡದಲ್ಲಿ ಬರೆ, ಮೂರು ದಿನದ ಶಟರ್ ಮತ್ತು ಒಂದು ಭಾನುವಾರ ಎರಡೇ ಸಾಕು, ನಾನು ಹೇಳಿದೆ ಅಂತಲೂ ತಿಳಿಸು ಅಂದೆ. ಸಂಜೆ ಕಳಿಸಿದ. ಈಗ ಒಂಬತ್ತು ಗಂಟೆಗೆ ಉತ್ತರದ ಸ್ಕ್ರೀನ್‌ಶಾಟ್ ನನಗೆ ಬಂದಿದೆ:

"ಸರಿ. ಹೆಸರಿನ ಮುಂದೆ ಇನಿಶಿಯಲ್ ಹಾಕು. ಅಂಗಡಿ ಫೋಟೊ ಬೇಕಾದರೆ ನಾಳೆ ಬಾ, ಬೋರ್ಡಿಗೆ ಹೊಸ ಪೇಂಟ್ ಆಗಿದೆ."